ಆರು ವಿಭಾಗ, ಐದು ಕೊಠಡಿ: ಶಾಲೆಯ ವೇಳಾಪಟ್ಟಿಯನ್ನು ಕೂಡಿಸುವ ಬಗೆ



ಶಾಲೆ ತೆರೆದ ಮೊದಲ ವಾರ ಗೋಡೆಗೆ ಅಂಟಿಸಿದ ವೇಳಾಪಟ್ಟಿಯನ್ನು ನೀವು ನೋಟುಬುಕ್ಕಿನ ಕೊನೆಯ ಪುಟಕ್ಕೆ ಇಳಿಸಿಕೊಂಡಿರುತ್ತೀರಿ. ಎರಡು ವಾರ ಕಳೆಯುವಷ್ಟರಲ್ಲಿ ಅದು ಬದಲಾಗಿರುತ್ತದೆ. ಮತ್ತೆ ಇಳಿಸಿಕೊಳ್ಳುತ್ತೀರಿ, ಮತ್ತೆ ಬದಲಾಗುತ್ತದೆ. ಅದನ್ನು ತಯಾರಿಸುವ ಮಾಸ್ತರರಿಗೆ ಯಾಕೆ ಒಂದೇ ಸಲಕ್ಕೆ ಸರಿಯಾಗಿ ಮಾಡಲು ಬರುವುದಿಲ್ಲ ಎಂದು ನೀವು ಬೇಸರಪಟ್ಟಿರಲೂ ಬಹುದು. ಇಂದು ನಾವು ಆ ಮಾಸ್ತರರ ಮೇಜಿನ ಆಚೆ ಬದಿಗೆ ಹೋಗಿ ಕೂತುಕೊಳ್ಳೋಣ. ಒಂದು ಕಾಗದ, ಒಂದು ಪೆನ್ಸಿಲು, ಒಂದು ರಬ್ಬರು ಹತ್ತಿರ ಇರಲಿ. ರಬ್ಬರು ಮುಖ್ಯ.

ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನಲ್ಲಿ ಹತ್ತಿಮತ್ತೂರು ಎಂಬ ಊರಿದೆ. ಈ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಯಿತು. ಅಂಥ ಊರಿನಲ್ಲಿ ಇರಬಹುದಾದ ಒಂದು ಪ್ರೌಢಶಾಲೆಯನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳೋಣ. ಅಲ್ಲಿನ ನಿಜವಾದ ಯಾವ ಶಾಲೆಯ ಮಾತನ್ನೂ ನಾನು ಆಡುತ್ತಿಲ್ಲ. ನಮ್ಮ ಶಾಲೆಯಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿಗಳಿವೆ, ಒಂದೊಂದಕ್ಕೆ ಎ ಮತ್ತು ಬಿ ಎಂಬ ಎರಡೆರಡು ವಿಭಾಗ, ಒಟ್ಟು ಆರು. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಏಳು ಅವಧಿ, ಶನಿವಾರ ಬೆಳಗಿನ ಶಾಲೆ, ಐದು ಅವಧಿ. ಅಂದರೆ ವಾರಕ್ಕೆ ನಲವತ್ತು ಅವಧಿ. ಪ್ರತಿ ವಿಭಾಗಕ್ಕೂ ಈ ನಲವತ್ತೂ ತುಂಬಿರಬೇಕು. ಅದರ ಹಂಚಿಕೆ ಹೀಗಿದೆ ಎನ್ನೋಣ: ಕನ್ನಡ 7, ಇಂಗ್ಲಿಷ್ 6, ಹಿಂದಿ 4, ಗಣಿತ 7, ವಿಜ್ಞಾನ 7, ಸಮಾಜ ವಿಜ್ಞಾನ 5, ದೈಹಿಕ ಶಿಕ್ಷಣ 4. ಕೂಡಿಸಿ ನೋಡಿ, ನಲವತ್ತು ಬರುತ್ತದೆ.

ಶಾಲೆಯಲ್ಲಿ ಆರು ಕೊಠಡಿ ಇದ್ದವು. ಒಂದು ಪ್ರಯೋಗಶಾಲೆಯೂ ಇದೆ. ಮಳೆಗಾಲದ ಮೊದಲಲ್ಲೇ ಒಂದು ಕೊಠಡಿಯ ಛಾವಣಿ ಬಿರುಕುಬಿಟ್ಟಿತು, ಮಕ್ಕಳನ್ನು ಒಳಗೆ ಕೂರಿಸಬೇಡಿ ಎಂದು ಹೇಳಿ ಅದಕ್ಕೆ ಬೀಗ ಹಾಕಿದರು. ಉಳಿದದ್ದು ಐದು. ಮುಖ್ಯೋಪಾಧ್ಯಾಯರ ಪ್ರಶ್ನೆ ಇಷ್ಟೆ: ಯಾವ ವಿಭಾಗವನ್ನೂ ಬೇವಿನ ಮರದ ಕೆಳಗೆ ಕೂರಿಸದೆ, ಯಾವ ಶಿಕ್ಷಕರ ಮೇಲೂ ಮಿತಿ ಮೀರಿದ ಹೊರೆ ಹಾಕದೆ ಈ ವರ್ಷ ಶಾಲೆ ನಡೆಸಬಹುದೋ ಇಲ್ಲವೋ?

ಮೊದಲು ಹೊರೆಯ ಲೆಕ್ಕ

ಹೊಸಬರು ವೇಳಾಪಟ್ಟಿ ಮಾಡಲು ಕೂತರೆ ಮೊದಲು ಸೋಮವಾರದ ಮೊದಲ ಅವಧಿಯನ್ನು ತುಂಬುತ್ತಾರೆ. ಪಳಗಿದವರು ದಿನಗಳ ಗೊಡವೆಗೇ ಹೋಗುವುದಿಲ್ಲ. ಯಾರು ಯಾವ ವಿಭಾಗಕ್ಕೆ ವಾರಕ್ಕೆ ಎಷ್ಟು ಪಾಠ ಎಂಬ ಪಟ್ಟಿಯನ್ನು ಮೊದಲು ಮುಗಿಸುತ್ತಾರೆ. ಶಿಕ್ಷಕರೊಬ್ಬರು ವಾರಕ್ಕೆ ತೆಗೆದುಕೊಳ್ಳುವ ಪಾಠಗಳ ಸಂಖ್ಯೆಗೆ ಕಾರ್ಯಭಾರ ಎನ್ನುತ್ತಾರೆ. ನಮ್ಮ ಶಾಲೆ ಅದಕ್ಕೆ 28 ಅವಧಿಗಳ ಮಿತಿ ಹಾಕಿಕೊಂಡಿದೆ ಎಂದಿಟ್ಟುಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ಅವಧಿಯ ಲೆಕ್ಕ ಬೇರೆ, ಗಂಟೆಯ ಲೆಕ್ಕ ಬೇರೆ. 45 ನಿಮಿಷದ 28 ಅವಧಿ ಎಂದರೆ 21 ಗಂಟೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರಿಗೆ ವಾರಕ್ಕೆ 45 ಗಂಟೆ ಎಂದಿದೆ. ಅದನ್ನು ನೋಡಿ ಇನ್ನೂ ಬೇಕಾದಷ್ಟು ಪಾಠ ಹೇರಬಹುದು ಎಂದು ವಾದಿಸುವವರಿದ್ದಾರೆ. ಆದರೆ ಆ 45ರಲ್ಲಿ ಪಾಠದ ತಯಾರಿಯೂ ಸೇರಿದೆ, ಮತ್ತು ಅದು ಒಂದರಿಂದ ಎಂಟನೆಯ ತರಗತಿಯವರೆಗಿನ ಮಾತು. ಅಲ್ಲದೆ ಅದು ಕನಿಷ್ಠ ಕೆಲಸದ ಅಳತೆಯೇ ಹೊರತು ಗರಿಷ್ಠ ಪಾಠದ ಅಳತೆ ಅಲ್ಲ. ಕಾಲೇಜಿನಲ್ಲಿ ಓದುತ್ತಿರುವವರಿಗೆ ಹೇಳುವುದಾದರೆ, ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14 ಗಂಟೆ ನೇರ ಬೋಧನೆ ಎಂದು ಹೇಳಿದೆ. ಅಲ್ಲಿಯೂ ಒಟ್ಟು ಕೆಲಸದ ಗಂಟೆಗಳು ಬೇರೆ, ಬೋಧನೆಯ ಗಂಟೆಗಳು ಬೇರೆ.

ನಮ್ಮ ಶಾಲೆಗೆ ಬರೋಣ. ಆರು ವಿಭಾಗಕ್ಕೆ ತಲಾ ನಲವತ್ತರಂತೆ ವಾರಕ್ಕೆ 240 ಪಾಠ. ಶಿಕ್ಷಕರು ಹನ್ನೊಂದು ಜನ: ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ ಇವಕ್ಕೆ ಇಬ್ಬಿಬ್ಬರು, ಹಿಂದಿ, ಸಮಾಜ ವಿಜ್ಞಾನ, ದೈಹಿಕ ಶಿಕ್ಷಣ ಇವಕ್ಕೆ ಒಬ್ಬೊಬ್ಬರು. ಹನ್ನೊಂದು ಜನಕ್ಕೆ 28ರಂತೆ 308 ಆಗುತ್ತದೆ. ಬೇಕಾದದ್ದು 240. ಕಾಗದದ ಮೇಲೆ ಜನ ಧಾರಾಳವಾಗಿದ್ದಾರೆ. ಈ ಒಟ್ಟು ಮೊತ್ತವನ್ನು ನಂಬಬೇಡಿ. ಸಮಾಜ ವಿಜ್ಞಾನದ ಆರು ವಿಭಾಗಕ್ಕೆ ಐದೈದರಂತೆ 30 ಪಾಠ, ಇರುವವರು ಒಬ್ಬರು, ಮಿತಿ 28. ಬೇರೆಯವರ ಬಳಿ ಎಷ್ಟೇ ಬಿಡುವಿದ್ದರೂ ಈ ಎರಡು ಪಾಠ ತಾನಾಗಿ ಕರಗುವುದಿಲ್ಲ.

ಎರಡೇ ಪಾಠ ತಾನೆ, ಎರಡನ್ನು ಮಾತ್ರ ಬೇರೆಯವರಿಗೆ ಕೊಟ್ಟರಾಯಿತು ಎನ್ನಬಹುದು. ಹಾಗೆ ಮಾಡಿದರೆ ಒಂದು ವಿಭಾಗದ ಸಮಾಜ ವಿಜ್ಞಾನಕ್ಕೆ ಇಬ್ಬರು ಶಿಕ್ಷಕರಾಗುತ್ತಾರೆ. ಒಬ್ಬರು ಎಲ್ಲಿ ನಿಲ್ಲಿಸಿದರು, ಇನ್ನೊಬ್ಬರು ಎಲ್ಲಿಂದ ಹಿಡಿಯಬೇಕು, ಉತ್ತರಪತ್ರಿಕೆ ಯಾರು ತಿದ್ದಬೇಕು, ಎಲ್ಲವೂ ಗೊಂದಲ. ಆದ್ದರಿಂದ ಕಾರ್ಯಭಾರ ಇಡೀ ವಿಭಾಗಗಳ ಗಂಟಾಗಿಯೇ ಕೈ ಬದಲಾಗುತ್ತದೆ. ಇಂಗ್ಲಿಷಿನ ಇಬ್ಬರಿಗೂ ಮೂರು ವಿಭಾಗಕ್ಕೆ ಆರಾರರಂತೆ 18 ಮಾತ್ರ ಇದೆ. ಅವರಲ್ಲಿ ಎರಡನೆಯವರು 8ಬಿಯ ಸಮಾಜ ವಿಜ್ಞಾನವನ್ನು ಪೂರ್ತಿಯಾಗಿ ವಹಿಸಿಕೊಂಡರೆ ಅವರಿಗೆ 23, ಸಮಾಜ ವಿಜ್ಞಾನದವರಿಗೆ 25. ಇಬ್ಬರೂ ಮಿತಿಯೊಳಗೆ ಬಂದರು.

ಈ ಗಂಟಿನ ಸ್ವಭಾವದಿಂದಲೇ 28 ಮತ್ತು 27ರ ನಡುವೆ ದೊಡ್ಡ ಅಂತರವಿದೆ. ಗಣಿತ ವಿಭಾಗಕ್ಕೆ ಏಳು ಪಾಠ. ಮಿತಿ 28 ಇದ್ದರೆ ಗಣಿತದವರೊಬ್ಬರು ನಾಲ್ಕು ವಿಭಾಗ ನೋಡಿಕೊಳ್ಳಬಲ್ಲರು. ಮಿತಿಯನ್ನು 27ಕ್ಕೆ ಇಳಿಸಿದಿರೋ, ಅವರಿಗೆ ಮೂರೇ ವಿಭಾಗ ಕೊಡಬಹುದು, 21ಕ್ಕೆ ನಿಂತುಬಿಡುತ್ತಾರೆ. ಉಳಿದ ಆರು ಅವಧಿಯನ್ನು ಗಣಿತಕ್ಕೆ ಬಳಸಲಾಗದು. ಒಂದು ಅವಧಿ ಇಳಿಸಿದ್ದಕ್ಕೆ ಒಂದು ವಿಭಾಗವೇ ಕೈಬಿಟ್ಟು ಹೋಯಿತು.

ಕೊನೆಗೆ ನಮ್ಮ ಪಟ್ಟಿಯಲ್ಲಿ ಕನ್ನಡ, ಗಣಿತ, ವಿಜ್ಞಾನದ ಆರು ಜನಕ್ಕೂ ತಲಾ 21, ಇಂಗ್ಲಿಷಿನವರಿಗೆ 18 ಮತ್ತು 23, ಹಿಂದಿಗೆ 24, ಸಮಾಜ ವಿಜ್ಞಾನಕ್ಕೆ 25, ದೈಹಿಕ ಶಿಕ್ಷಣಕ್ಕೆ 24.

ಕೊಠಡಿಯ ಲೆಕ್ಕ

ಪ್ರತಿ ಅವಧಿಯಲ್ಲೂ ಆರೂ ವಿಭಾಗಗಳಿಗೆ ಪಾಠವಿದೆ. ಕೊಠಡಿ ಐದು. ಆದ್ದರಿಂದ ನಲವತ್ತು ಅವಧಿಗಳಲ್ಲಿ ಪ್ರತಿಯೊಂದರಲ್ಲೂ ಕನಿಷ್ಠ ಒಂದು ವಿಭಾಗ ಕೊಠಡಿಯ ಹೊರಗಿರಬೇಕು. ಹೊರಗೆ ಎಂದರೆ ಮೈದಾನದಲ್ಲಿ ಅಥವಾ ಪ್ರಯೋಗಶಾಲೆಯಲ್ಲಿ.

ಪ್ರಯೋಗಶಾಲೆಯನ್ನೇ ಆರನೆಯ ಕೊಠಡಿ ಮಾಡಿಕೊಂಡರೆ ಆಯಿತಲ್ಲ ಎಂದು ನಿಮಗೆ ಅನ್ನಿಸಿರಬಹುದು. ಅಲ್ಲಿ ಆಮ್ಲದ ಬಾಟಲಿಗಳಿವೆ, ಗಾಜಿನ ಸಾಮಾನುಗಳಿವೆ, ನಿನ್ನೆ ಜೋಡಿಸಿಟ್ಟ ಪ್ರಯೋಗ ನಾಳೆಯವರೆಗೆ ಅಲುಗಾಡದೆ ಇರಬೇಕಾಗುತ್ತದೆ. ಆದ್ದರಿಂದ ವಿಜ್ಞಾನದ ಶಿಕ್ಷಕರು ಎದುರಿಗೆ ಇದ್ದಾಗ ಮಾತ್ರ ಮಕ್ಕಳು ಅಲ್ಲಿ ಕೂರಬೇಕು ಎಂಬುದು ಮುಖ್ಯೋಪಾಧ್ಯಾಯರ ಷರತ್ತು. ಷರತ್ತು ನ್ಯಾಯವಾದದ್ದೇ.

ಮೈದಾನಕ್ಕೆ ಹೋಗುವ ಪಾಠಗಳು 24. ಅವು ನಲವತ್ತರಲ್ಲಿ 24 ಅವಧಿಗಳನ್ನು ಮಾತ್ರ ಕಾಯಬಲ್ಲವು. ಇನ್ನೂ 16 ಅವಧಿಗಳಿಗೆ ಪ್ರಯೋಗಶಾಲೆಯೇ ಗತಿ. ಹಾಗಾದರೆ ವಿಜ್ಞಾನದ ಯಾವ ಪಾಠಗಳನ್ನು ಅಲ್ಲಿಗೆ ಕಳಿಸಬೇಕು? ಅಲ್ಲೊಂದು ಇಲ್ಲೊಂದು ಆರಿಸುವ ಬದಲು ಒಂದು ಸರಳ ತೀರ್ಮಾನ ಮಾಡೋಣ. ವಿಜ್ಞಾನದ ಇಬ್ಬರಲ್ಲಿ ಮೊದಲನೆಯವರು, ಅವರನ್ನು ವಿಜ್ಞಾನ-1 ಎಂದು ಕರೆಯೋಣ, ತಮ್ಮ ಎಲ್ಲ 21 ಪಾಠಗಳನ್ನೂ ಪ್ರಯೋಗಶಾಲೆಯಲ್ಲೇ ಮಾಡಲಿ. ಅವರದು 9ಎ, 10ಎ, 10ಬಿ ಎಂಬ ಮೂರು ವಿಭಾಗ. 24 ಮತ್ತು 21 ಕೂಡಿದರೆ 45. ಬೇಕಾದದ್ದು 40. ಐದು ಹೆಚ್ಚೇ ಇದೆ.

ಹೊರೆಯ ಹಂಚಿಕೆಗೂ ಕೊಠಡಿಗೂ ಇರುವ ನಂಟು ಇಲ್ಲಿ ಕಾಣಿಸುತ್ತದೆ. ವಿಜ್ಞಾನದ ಆರು ವಿಭಾಗಗಳನ್ನು ಮೂರು-ಮೂರು ಮಾಡುವ ಬದಲು ನಾಲ್ಕು-ಎರಡು ಮಾಡಿದ್ದರೆ ಒಬ್ಬರಿಗೆ 28, ಇನ್ನೊಬ್ಬರಿಗೆ 14 ಬರುತ್ತಿತ್ತು. ಇಬ್ಬರೂ ಮಿತಿಯೊಳಗೇ. ಆದರೆ ಪ್ರಯೋಗಶಾಲೆಯನ್ನು 14ರವರಿಗೆ ಕೊಟ್ಟಿದ್ದರೆ 24 ಮತ್ತು 14 ಸೇರಿ 38. ಎರಡು ಅವಧಿಗಳಲ್ಲಿ ಒಂದು ವಿಭಾಗ ಬೀದಿಪಾಲು. ಆ ಮೇಲೆ ಎಷ್ಟು ದಿನ ಕೂತು ಅಳಿಸಿ ಬರೆದರೂ, ಎಂಥ ಕಂಪ್ಯೂಟರಿಗೆ ಕೊಟ್ಟರೂ ಆ ಪಟ್ಟಿ ಕೂಡುವುದಿಲ್ಲ. ಎರಡು ನಿಮಿಷದ ಕೂಡಿಕೆಯಿಂದ ಎರಡು ವಾರದ ಶ್ರಮ ಉಳಿಯುತ್ತದೆ.

ಕೂಡಿಕೆ ಸರಿಯಾದರೆ ಪಟ್ಟಿ ಆಗಿಯೇ ಆಗುತ್ತದೆಯೆ?

45 ಎಂಬುದು 40ಕ್ಕಿಂತ ದೊಡ್ಡದು ಎಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ದೈಹಿಕ ಶಿಕ್ಷಣದವರೂ ವಿಜ್ಞಾನ-1ರವರೂ ಒಂದೇ ಅವಧಿಯಲ್ಲಿ ಪಾಠಕ್ಕೆ ಹೋಗಿ, ಇನ್ನೊಂದು ಅವಧಿಯಲ್ಲಿ ಇಬ್ಬರೂ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಕೂತರೆ, ಆ ಎರಡನೆಯ ಅವಧಿಯಲ್ಲಿ ಆರು ವಿಭಾಗಕ್ಕೆ ಐದು ಕೊಠಡಿ ಸಾಲದು. ಅವರಿಬ್ಬರ ಬಿಡುವು ಒಟ್ಟಿಗೆ ಬೀಳಬಾರದು. ಇದನ್ನು ಸಾಧಿಸುವುದು ಹೇಗೆ?

ಮೊದಲು ಕೊಠಡಿಯ ಚಿಂತೆಯನ್ನು ಬದಿಗಿಟ್ಟು, ಒಬ್ಬ ಶಿಕ್ಷಕರು ಏಕಕಾಲಕ್ಕೆ ಎರಡು ಕಡೆ ಇರಬಾರದು, ಒಂದು ವಿಭಾಗಕ್ಕೆ ಏಕಕಾಲಕ್ಕೆ ಎರಡು ಪಾಠ ಇರಬಾರದು, ಈ ಎರಡೇ ನಿಯಮಗಳಿಂದ ಒಂದು ಕರಡು ಪಟ್ಟಿ ಮಾಡಿಕೊಳ್ಳುತ್ತೇವೆ. ಅಂಥ ಪಟ್ಟಿ ಸಾಧ್ಯವೋ ಎಂಬ ಅನುಮಾನವೇ ಬೇಡ. ಹಂಗೇರಿಯ ಗಣಿತಜ್ಞ ಡೆನೆಶ್ ಕ್ಯೋನಿಗ್ 1916ರಲ್ಲಿ ಪ್ರಕಟಿಸಿದ ಒಂದು ಪ್ರಮೇಯವನ್ನು ನಮ್ಮ ಭಾಷೆಗೆ ತಂದರೆ ಹೀಗಾಗುತ್ತದೆ: ಯಾವ ಶಿಕ್ಷಕರಿಗೂ ಯಾವ ವಿಭಾಗಕ್ಕೂ ನಲವತ್ತಕ್ಕಿಂತ ಹೆಚ್ಚು ಪಾಠ ಇಲ್ಲದಿದ್ದರೆ, ನಲವತ್ತು ಅವಧಿಗಳಲ್ಲಿ ಡಿಕ್ಕಿಯಿಲ್ಲದ ಪಟ್ಟಿ ಇದ್ದೇ ಇರುತ್ತದೆ. ನಮ್ಮ ವಿಭಾಗಗಳಿಗೆ ಸರಿಯಾಗಿ 40, ಶಿಕ್ಷಕರಿಗೆ ಹೆಚ್ಚೆಂದರೆ 25. ಆದ್ದರಿಂದ ಪಟ್ಟಿ ಉಂಟು.

ಕರಡು ಸಿದ್ಧವಾಯಿತು. ಈಗ ಅದರಲ್ಲಿ ಎರಡು ಬಗೆಯ ಅವಧಿಗಳನ್ನು ಹುಡುಕಿ. ಇಬ್ಬರೂ ಬಿಡುವಾಗಿರುವ ಅವಧಿಗೆ ಕೆಂಪು ಗುರುತು ಹಾಕಿ, ಇಬ್ಬರೂ ಪಾಠದಲ್ಲಿರುವ ಅವಧಿಗೆ ಹಸಿರು ಗುರುತು ಹಾಕಿ. ಇಬ್ಬರ ಪಾಠ ಕೂಡಿ 45, ಅವಧಿಗಳು 40, ಹಾಗಾಗಿ ಹಸಿರು ಯಾವಾಗಲೂ ಕೆಂಪಿಗಿಂತ ಐದು ಹೆಚ್ಚಿರುತ್ತದೆ. ನಾಲ್ಕು ಕೆಂಪು ಇದ್ದರೆ ಒಂಬತ್ತು ಹಸಿರು. ಅಂದರೆ ಕೆಂಪು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಹಸಿರೂ ಸಿಕ್ಕೇ ಸಿಗುತ್ತದೆ. ಒಂದು ಕೆಂಪು, ಒಂದು ಹಸಿರು ತೆಗೆದುಕೊಂಡು ಅವೆರಡರ ನಡುವೆ ಪಾಠಗಳನ್ನು ಅದಲುಬದಲು ಮಾಡಿದರೆ ಎರಡೂ ಗುರುತುಗಳು ಅಳಿಯುತ್ತವೆ. ಅದಲುಬದಲಿನ ರೀತಿ ಸ್ವಾರಸ್ಯವಾದದ್ದು, ನಿಧಾನವಾಗಿ ನೋಡೋಣ.

ನಮ್ಮ ಕರಡಿನಲ್ಲಿ ಮಂಗಳವಾರದ ಮೂರನೆಯ ಅವಧಿ ಕೆಂಪು. ಅಲ್ಲಿ ಇರುವುದು:

8ಎ – ಗಣಿತ-1
8ಬಿ – ಇಂಗ್ಲಿಷ್-2
9ಎ – ಕನ್ನಡ-1
9ಬಿ – ವಿಜ್ಞಾನ-2
10ಎ – ಸಮಾಜ ವಿಜ್ಞಾನ
10ಬಿ – ಕನ್ನಡ-2

ಗುರುವಾರದ ಐದನೆಯ ಅವಧಿ ಹಸಿರು. ಅಲ್ಲಿ ಇರುವುದು:

8ಎ – ಹಿಂದಿ
8ಬಿ – ದೈಹಿಕ ಶಿಕ್ಷಣ
9ಎ – ವಿಜ್ಞಾನ-1
9ಬಿ – ಗಣಿತ-2
10ಎ – ಇಂಗ್ಲಿಷ್-1
10ಬಿ – ಇಂಗ್ಲಿಷ್-2

ದೈಹಿಕ ಶಿಕ್ಷಣವನ್ನು ಗುರುವಾರದಿಂದ ಮಂಗಳವಾರಕ್ಕೆ ತರಬೇಕು. ಆ ಪಾಠ 8ಬಿಯದು. ಮಂಗಳವಾರ 8ಬಿಗೆ ಆಗಲೇ ಇಂಗ್ಲಿಷ್-2ರವರಿದ್ದಾರೆ, ಅವರನ್ನು ಗುರುವಾರಕ್ಕೆ ಕಳಿಸಬೇಕು. ಆದರೆ ಗುರುವಾರ ಐದನೆಯ ಅವಧಿಯಲ್ಲಿ ಅವರು 10ಬಿಯಲ್ಲಿ ಪಾಠ ಮಾಡುತ್ತಿದ್ದಾರೆ. ಡಿಕ್ಕಿಯಾಯಿತು. ಹಾಗಾದರೆ ಆ 10ಬಿ ಪಾಠವನ್ನು ಮಂಗಳವಾರಕ್ಕೆ ತನ್ನಿ. ಮಂಗಳವಾರ 10ಬಿಯಲ್ಲಿ ಕನ್ನಡ-2ರವರಿದ್ದಾರೆ, ಅವರನ್ನು ಗುರುವಾರಕ್ಕೆ ಕಳಿಸಿ. ಗುರುವಾರ ಐದನೆಯ ಅವಧಿಯಲ್ಲಿ ಕನ್ನಡ-2ರವರಿಗೆ ಪಾಠವಿದೆಯೆ? ಇಲ್ಲ. ಸರಪಳಿ ಅಲ್ಲಿಗೆ ನಿಂತಿತು.

ಈಗ ಮಂಗಳವಾರ 8ಬಿ ಮೈದಾನದಲ್ಲಿದೆ, 10ಬಿಗೆ ಇಂಗ್ಲಿಷ್-2, ಉಳಿದ ನಾಲ್ಕು ವಿಭಾಗ ಮೊದಲಿನಂತೆ. ಗುರುವಾರ 8ಬಿಗೆ ಇಂಗ್ಲಿಷ್-2, 10ಬಿಗೆ ಕನ್ನಡ-2, ಉಳಿದವು ಮೊದಲಿನಂತೆ, 9ಎ ಪ್ರಯೋಗಶಾಲೆಯಲ್ಲೇ ಇದೆ. ಎರಡೂ ಅವಧಿಗಳಲ್ಲಿ ಒಂದೊಂದು ವಿಭಾಗ ಹೊರಗೆ, ಐದೈದು ಕೊಠಡಿಯಲ್ಲಿ. ಯಾರ ವಾರದ ಕಾರ್ಯಭಾರವೂ ಒಂದು ಅವಧಿಯಷ್ಟೂ ಬದಲಾಗಲಿಲ್ಲ, ಯಾವ ವಿಭಾಗವೂ ಒಂದು ಪಾಠವನ್ನೂ ಕಳೆದುಕೊಳ್ಳಲಿಲ್ಲ.

ಒಂದು ಸಂದೇಹ ಉಳಿಯಿತು. ಸರಪಳಿ ಬೆಳೆಯುತ್ತ ಹೋಗಿ ವಿಜ್ಞಾನ-1ರವರನ್ನೂ ಮಂಗಳವಾರಕ್ಕೆ ಎಳೆದು ತಂದುಬಿಟ್ಟರೆ? ಆಗ ಗುರುವಾರ ಕೆಂಪಾಗಿ, ಮಾಡಿದ್ದೆಲ್ಲ ವ್ಯರ್ಥವಾಗುತ್ತದೆ. ಹಾಗೆ ಆಗುವುದೇ ಇಲ್ಲ. ಒಬ್ಬ ಶಿಕ್ಷಕರ ಗುರುವಾರದ ಪಾಠವನ್ನು ನಾವು ಅಲುಗಿಸುವುದು ಯಾವಾಗ? ಅವರದೇ ಮಂಗಳವಾರದ ಪಾಠ ಬಂದು ಅದಕ್ಕೆ ಡಿಕ್ಕಿ ಹೊಡೆದಾಗ ಮಾತ್ರ. ಮಂಗಳವಾರ ಆ ಅವಧಿಯಲ್ಲಿ ವಿಜ್ಞಾನ-1ರವರಿಗೆ ಪಾಠವೇ ಇಲ್ಲ, ಅದಕ್ಕೇ ಅಲ್ಲವೆ ಅದು ಕೆಂಪಾದದ್ದು. ಆದ್ದರಿಂದ ಅವರ ಗುರುವಾರದ ಪಾಠದ ಹತ್ತಿರ ಸರಪಳಿ ಸುಳಿಯುವುದಿಲ್ಲ. ಸರಪಳಿ ಬಂದ ದಾರಿಗೆ ಮರಳುವಂತೆಯೂ ಇಲ್ಲ, ಏಕೆಂದರೆ ಒಂದು ಅವಧಿಯಲ್ಲಿ ಒಬ್ಬರಿಗೆ ಒಂದೇ ಪಾಠ. ಇರುವುದು ಆರೇ ವಿಭಾಗವಾದ್ದರಿಂದ ಅದು ಎಲ್ಲಾದರೂ ನಿಲ್ಲಲೇಬೇಕು. ಹೀಗೆ ನಾಲ್ಕು ಸಲ ಮಾಡಿದರೆ ನಾಲ್ಕೂ ಕೆಂಪು ಮಾಯ. ಕೊನೆಗೆ ಉಳಿಯುವುದು ಐದು ಹಸಿರು ಅವಧಿಗಳು, ಆಗ ಒಂದು ಕೊಠಡಿ ಖಾಲಿ ಬಿದ್ದಿರುತ್ತದೆ.

ಇದೇ ಸರಪಳಿ ಕರಡು ಮಾಡುವಾಗಲೂ ಕೈಹಿಡಿಯುತ್ತದೆ. 10ಬಿಯ ಒಂದು ಗಣಿತ ಪಾಠ ಉಳಿದುಬಿಟ್ಟಿದೆ ಎನ್ನಿ. ವಿಭಾಗಕ್ಕೆ ಬುಧವಾರ ಎರಡನೆಯ ಅವಧಿ ಖಾಲಿ, ಗಣಿತದವರಿಗೆ ಶುಕ್ರವಾರ ಆರನೆಯ ಅವಧಿ ಖಾಲಿ. ಎರಡೂ ಒಂದಕ್ಕೊಂದು ಹೊಂದುವುದಿಲ್ಲ. ಪಾಠವನ್ನು ಬುಧವಾರ ಹಾಕಿ, ಡಿಕ್ಕಿಯಾದದ್ದನ್ನು ಶುಕ್ರವಾರಕ್ಕೆ ತಳ್ಳಿ, ಅಲ್ಲಿ ಡಿಕ್ಕಿಯಾದದ್ದನ್ನು ಬುಧವಾರಕ್ಕೆ ತಳ್ಳಿ, ಸರಪಳಿ ನಿಲ್ಲುವವರೆಗೆ ಹೋಗಿ. ಬೇರೆ ಯಾವ ಅವಧಿಯನ್ನೂ ಮುಟ್ಟಬೇಕಿಲ್ಲ. ಶಾಲೆಗಳಲ್ಲಿ ಬಣ್ಣದ ಚೀಟಿಗಳನ್ನು ಹಲಗೆಗೆ ಚುಚ್ಚಿ ಇದನ್ನು ಮಾಡುವ ಹಿರಿಯ ಮಾಸ್ತರರಿಗೆ ಕ್ಯೋನಿಗ್ ಯಾರೆಂದು ತಿಳಿದಿರಬೇಕಾಗಿಲ್ಲ. ಎರಡು ಕಂಬಸಾಲುಗಳ ಮೇಲೆ ಎರಡು ಬೆರಳಿಟ್ಟುಕೊಂಡು ಚೀಟಿ ಅದಲುಬದಲು ಮಾಡುವಾಗ ಅವರ ಕೈ ಆ ಪ್ರಮೇಯವನ್ನೇ ನಡೆಸುತ್ತಿರುತ್ತದೆ. ಅವಸರದವರು ಮಾಡುವ ತಪ್ಪೆಂದರೆ, ಡಿಕ್ಕಿಯಾದ ಚೀಟಿಯನ್ನು ಮೂರನೆಯ ಅವಧಿಯೊಂದಕ್ಕೆ ಎಸೆಯುವುದು. ಅಲ್ಲಿಂದ ಗೋಜಲು ಶುರು.

ದಿನದ ಪಟ್ಟಿಯನ್ನು ಮರೆಯಬೇಡಿ

ಅದಲುಬದಲಾದ ಮೇಲೆ ಒಂದು ತಪಾಸಣೆ ಬೇಕು. ನಮ್ಮ ಉದಾಹರಣೆಯಲ್ಲಿ 10ಬಿಯ ಇಂಗ್ಲಿಷ್ ಪಾಠ ಮಂಗಳವಾರಕ್ಕೆ ಬಂತು. ಅಂದು 10ಬಿಗೆ ಬೇರೆ ಅವಧಿಯಲ್ಲಿ ಮತ್ತೊಂದು ಇಂಗ್ಲಿಷ್ ಪಾಠ ಮೊದಲೇ ಇದ್ದರೆ ದಿನಕ್ಕೆ ಎರಡಾಯಿತು. ಗುರುವಾರ ಕನ್ನಡ-2ರವರಿಗೆ ಹೊಸದಾಗಿ ಒಂದು ಪಾಠ ಸೇರಿತು, ಅಂದು ಅವರಿಗೆ ಆಗಲೇ ಐದು ಪಾಠ ಇದ್ದರೆ ಆರಾಯಿತು, ಧ್ವನಿ ಬಿದ್ದುಹೋಗುತ್ತದೆ. ವಾರದ ಮಿತಿ ಮೀರಿಲ್ಲವಲ್ಲ ಎಂಬ ಸಮಾಧಾನ ಗಂಟಲಿಗೆ ತಿಳಿಯುವುದಿಲ್ಲ.

ಆದ್ದರಿಂದ ಕೆಂಪು ಅವಧಿಗೆ ಜೊತೆ ಹುಡುಕುವಾಗ ಮೊದಲು ಅದೇ ದಿನದಲ್ಲಿ ಹಸಿರು ಇದೆಯೋ ನೋಡಬೇಕು. ಮಂಗಳವಾರದ ಮೂರಕ್ಕೂ ಮಂಗಳವಾರದ ಆರಕ್ಕೂ ಅದಲುಬದಲು ಮಾಡಿದರೆ ದಿನದ ಪಾಠಗಳ ಕ್ರಮ ಬದಲಾದೀತೇ ಹೊರತು ಸಂಖ್ಯೆ ಬದಲಾಗುವುದಿಲ್ಲ. ಅಂದು ಹಸಿರು ಸಿಗದಿದ್ದರೆ ಮಾತ್ರ ಬೇರೆ ದಿನಕ್ಕೆ ಹೋಗಬೇಕು. ಒಂಬತ್ತು ಹಸಿರುಗಳಲ್ಲಿ ಒಂದು ಸರಿಹೊಂದದಿದ್ದರೆ ಇನ್ನೊಂದನ್ನು ಹಿಡಿಯಬಹುದು. ದೈಹಿಕ ಶಿಕ್ಷಣದ ಬದಲು ವಿಜ್ಞಾನ-1ರವರ ಪಾಠದಿಂದ ಸರಪಳಿ ಆರಂಭಿಸಿಯೂ ನೋಡಬಹುದು.

ಭರವಸೆ ಮುರಿಯುವ ಜಾಗ

ಇಲ್ಲಿಯವರೆಗೆ ಎಲ್ಲ ಶಿಕ್ಷಕರೂ ವಾರದ ನಲವತ್ತು ಅವಧಿಯಲ್ಲೂ ಶಾಲೆಯಲ್ಲಿರುತ್ತಾರೆ ಎಂದು ನಂಬಿದ್ದೆವು. ಈಗ ಹಿಂದಿಯವರು ಅತಿಥಿ ಶಿಕ್ಷಕರು ಎಂದಿಟ್ಟುಕೊಳ್ಳಿ. ಉಳಿದ ದಿನ ಬೇರೊಂದು ಶಾಲೆಗೆ ಹೋಗುವುದರಿಂದ ಇಲ್ಲಿಗೆ ಸೋಮ, ಮಂಗಳ, ಗುರು, ಶನಿವಾರ ಮಾತ್ರ ಬರುತ್ತಾರೆ. ಲೆಕ್ಕ ಹಾಕಿ. ಮೂರು ದಿನಕ್ಕೆ ಏಳೇಳು, ಶನಿವಾರ ಐದು, ಒಟ್ಟು 26 ಅವಧಿ. ಅವರಿಗಿರುವ ಪಾಠ 24. ಸಾಲುತ್ತದೆ, ಇನ್ನೂ ಎರಡು ಮಿಕ್ಕಿವೆ.

ಆದರೆ ಒಂದು ವಿಭಾಗಕ್ಕೆ ಒಂದೇ ದಿನ ಎರಡು ಹಿಂದಿ ಪಾಠ ಬೇಡ ಎಂಬ ನಿಯಮವನ್ನೂ ಹಾಕಿ ನೋಡಿ. ಸೋಮವಾರ ಏಳು ಅವಧಿ ಇದ್ದರೂ ವಿಭಾಗಗಳು ಆರೇ, ಆದ್ದರಿಂದ ಅಂದು ಆರು ಹಿಂದಿ ಪಾಠಕ್ಕಿಂತ ಹೆಚ್ಚು ನಡೆಯುವಂತಿಲ್ಲ. ಮಂಗಳವಾರ ಆರು, ಗುರುವಾರ ಆರು. ಶನಿವಾರ ವಿಭಾಗ ಆರಿದ್ದರೂ ಅವಧಿ ಐದೇ. ಆರು, ಆರು, ಆರು, ಐದು ಸೇರಿ 23. ಬೇಕಾದದ್ದು 24. ಒಂದೇ ಒಂದು ಪಾಠ ಉಳಿದುಹೋಗುತ್ತದೆ, ಮತ್ತು ಅದನ್ನು ಎಲ್ಲಿಯೂ ಇಡಲು ಬರುವುದಿಲ್ಲ.

ವೇಳಾಪಟ್ಟಿ ಮಾಡುವ ಕಂಪ್ಯೂಟರ್ ತಂತ್ರಾಂಶಗಳು ಈಗ ಬಹಳ ಶಾಲೆಗಳಲ್ಲಿವೆ. ಇಂಥ ಸಂದರ್ಭದಲ್ಲಿ ಅವು ಬಹಳ ಹೊತ್ತು ತಿರುಗಿ, ಒಂದು ಪಾಠವನ್ನು ಕೂರಿಸಲಾಗಲಿಲ್ಲ ಎಂದು ತೋರಿಸಬಹುದು. ಅದು ಹಿಂದಿಯ ಪಾಠವೇ ಆಗಿರಬೇಕೆಂದಿಲ್ಲ, ಗಣಿತದ್ದೋ ಕನ್ನಡದ್ದೋ ಹೊರಗೆ ಬಿದ್ದಿರಬಹುದು. ಅದನ್ನು ನೋಡಿ ಗಣಿತದವರ ಪಟ್ಟಿಯನ್ನು ತಿದ್ದುತ್ತ ಕೂತರೆ ಪ್ರಯೋಜನವಿಲ್ಲ, ಕಾಯಿಲೆ ಅಲ್ಲಿಲ್ಲ. ಪ್ರತಿಸಲವೂ ಬೇರೆ ಬೇರೆ ಪಾಠ ಹೊರಗೆ ಬೀಳುತ್ತಿದ್ದರೆ, ಎಲ್ಲಕ್ಕಿಂತ ಕಡಿಮೆ ದಿನ ಬರುವ ಶಿಕ್ಷಕರನ್ನು ಮೊದಲು ಹಿಡಿದು ಹೀಗೆ ದಿನದಿನದ ಲೆಕ್ಕ ಹಾಕಿ. ಪರಿಹಾರ ಎರಡೇ: ಒಂದು ವಿಭಾಗಕ್ಕೆ ಒಂದು ದಿನ ಎರಡು ಹಿಂದಿ ಪಾಠ ಒಪ್ಪಿಕೊಳ್ಳುವುದು, ಇಲ್ಲವೆ ಆ ಶಿಕ್ಷಕರು ಬುಧವಾರವೋ ಶುಕ್ರವಾರವೋ ಒಂದು ಅವಧಿಗೆ ಬಂದುಹೋಗುವಂತೆ ಕೇಳಿಕೊಳ್ಳುವುದು. ಒಂದು ಅವಧಿಗಾಗಿ ಬಸ್ ಹಿಡಿದು ಬಾ ಎನ್ನುವುದಕ್ಕಿಂತ ಮೊದಲನೆಯದೇ ಮೇಲು ಎಂದು ನನ್ನ ಅಭಿಪ್ರಾಯ.

ಸರಪಳಿಗೂ ಇಲ್ಲಿ ಪೆಟ್ಟು ಬೀಳುತ್ತದೆ. ಅದು ಹಿಂದಿಯವರನ್ನು ಬುಧವಾರಕ್ಕೆ ತಳ್ಳಿದರೆ ಅವರು ಅಂದು ಊರಿನಲ್ಲೇ ಇಲ್ಲ, ಸರಪಳಿ ನಡುವೆಯೇ ತುಂಡಾಗುತ್ತದೆ. ಇಬ್ಬರು ಮೂವರು ಇಂಥವರಾದರೆ ಕೂಡಿಕೆಗಳೆಲ್ಲ ಸರಿಯಿದ್ದೂ ಪಟ್ಟಿ ಇಲ್ಲದಿರಬಹುದು. ಈವೆನ್, ಇತಾಯ್, ಶಮೀರ್ ಎಂಬ ಮೂವರು 1976ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಶಿಕ್ಷಕರ ಬರುವ-ಬಾರದ ಅವಧಿಗಳನ್ನು ಸೇರಿಸಿದೊಡನೆ ಈ ಸಮಸ್ಯೆ ಗಣಿತದ ಅತಿ ಕಠಿಣ ಸಮಸ್ಯೆಗಳ ಗುಂಪಿಗೆ ಸೇರುತ್ತದೆ ಎಂದು ತೋರಿಸಿದರು. ಎಲ್ಲ ಸಂದರ್ಭಕ್ಕೂ ತಕ್ಕ ತ್ವರಿತವಾದ ಒಂದು ವಿಧಾನ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಆದ್ದರಿಂದ ಕೆಲವೇ ದಿನ ಬರುವವರ ಚೀಟಿಗಳನ್ನು ಹಲಗೆಯ ಮೇಲೆ ಮೊದಲು ಚುಚ್ಚಿ ಭದ್ರಮಾಡಿ, ಪೂರ್ಣಾವಧಿಯವರನ್ನು ಆಮೇಲೆ ಅವರ ಸುತ್ತ ಜೋಡಿಸುತ್ತಾರೆ.

ಯಾರು ಎಲ್ಲಿ ಕೂರುವುದು

ಇನ್ನು ಉಳಿದದ್ದು ಮಕ್ಕಳ ಓಡಾಟ. ಪ್ರತಿ ಗಂಟೆಗೂ ಆರು ವಿಭಾಗಗಳು ಚೀಲ ಹೊತ್ತು ಕೊಠಡಿ ಬದಲಿಸಿದರೆ ಐದು ನಿಮಿಷ ಹಾಳು. ಅದರ ಅಗತ್ಯವಿಲ್ಲ. ಐದು ವಿಭಾಗಗಳಿಗೆ ಸ್ವಂತ ಕೊಠಡಿ ಕೊಡಿ. ಆರನೆಯ ವಿಭಾಗ ಮಾತ್ರ ಸಂಚಾರಿ. ಯಾವ ವಿಭಾಗ ಮೈದಾನಕ್ಕೋ ಪ್ರಯೋಗಶಾಲೆಗೋ ಹೋಗಿದೆಯೋ ಅದರ ಕೊಠಡಿಯಲ್ಲಿ ಇದು ಹೋಗಿ ಕೂರುತ್ತದೆ. ತನಗೇ ಆಟದ ಅವಧಿ ಬಂದಾಗ ತಾನೇ ಹೊರಗಿರುತ್ತದೆ. ಹೊರಗೆ ಹೋಗುವವರು ಚೀಲಗಳನ್ನು ಡೆಸ್ಕಿನ ಮೇಲೆ ಬಿಡದೆ ಗೋಡೆಯ ಬದಿಗೆ ಇಟ್ಟು ಹೋಗಬೇಕು, ಇಲ್ಲದಿದ್ದರೆ ದಿನವೂ ಪೆನ್ನು ಕಳೆದ ಜಗಳ ತಪ್ಪದು. ಸಂಚಾರಿಯಾಗುವ ಸರದಿ ತಿಂಗಳಿಗೊಂದು ವಿಭಾಗಕ್ಕೆ ಬರಲಿ. ಹತ್ತನೆಯ ತರಗತಿಯವರಿಗೆ ವಿನಾಯಿತಿ ಕೊಡಬೇಕೋ ಬೇಡವೋ ಎಂಬುದನ್ನು ಶಾಲೆಯೇ ತೀರ್ಮಾನಿಸಲಿ.

ಮಳೆಯ ದಿನ ಏನಾಗುತ್ತದೆ? ಸಿದ್ಧವಾದ ಪಟ್ಟಿಯಲ್ಲಿ ಐದು ಅವಧಿ ಇಬ್ಬರೂ ಹೊರಗೆ, 16 ಅವಧಿ ವಿಜ್ಞಾನ-1 ಮಾತ್ರ, 19 ಅವಧಿ ದೈಹಿಕ ಶಿಕ್ಷಣ ಮಾತ್ರ. ಮೊದಲ ಐದರಲ್ಲಿ ಒಂದು ಕೊಠಡಿ ಖಾಲಿಯಿದೆ, ಮೈದಾನದವರು ಅಲ್ಲಿಗೆ ಬಂದು ಕೂರಬಹುದು. ಆ 19ರಲ್ಲಿ ಮಾತ್ರ ಮೈದಾನವನ್ನೇ ನಾವು ಕೊಠಡಿಯೆಂದು ಲೆಕ್ಕ ಹಿಡಿದಿದ್ದೇವೆ, ಮೈದಾನಕ್ಕೆ ಛಾವಣಿ ಇಲ್ಲ. ಮಳೆ ಹಿಡಿದರೆ ಆ ವಿಭಾಗಕ್ಕೆ ವರಾಂಡವೇ ಗತಿ. ಆದ್ದರಿಂದ ಪಟ್ಟಿಯನ್ನು ಗೋಡೆಗೆ ಅಂಟಿಸುವ ಮೊದಲು ಆ 19 ಚೌಕಗಳಿಗೆ ಪೆನ್ಸಿಲಿನಿಂದ ಒಂದು ಸಣ್ಣ ಚುಕ್ಕೆ ಇಟ್ಟು, ಯಾವ ದಿನ ಯಾವ ವಿಭಾಗ ವರಾಂಡದಲ್ಲಿ ಎಂಬುದನ್ನು ದೈಹಿಕ ಶಿಕ್ಷಕರಿಗೆ ಮೊದಲೇ ಬರೆದುಕೊಡಬೇಕು.